ಮಂಜೂರಾತಿ ಪತ್ರದಿಂದ ಸಾಲದ ಪಟ್ಟಿಗೆ: ಉದ್ಯಮಬಾಗದ ಒಂದು ಶೆಡ್ಡಿನ ಲೆಕ್ಕ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಯಿಂದ ಕಾಸ್ಟಿಂಗ್ ತಂದು ಮಷಿನಿಂಗ್ ಮಾಡಿ ಕೊಡುವ ಸಣ್ಣ ಶೆಡ್ಡುಗಳು ನೂರಾರಿವೆ. ಅಂಥದೊಂದು ಶೆಡ್ಡಿನ ಲೆಕ್ಕ ನಾನು ಬರೆಯುತ್ತೇನೆ. ಸಿಸಿ, ಅಂದರೆ ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಸಾಲದ ಲಿಮಿಟ್ ರಿನೀವಲ್‌ಗೆ ಬ್ಯಾಂಕಿನವರು ಎಲ್ಲ ಸಾಲಗಳ ಪಟ್ಟಿ ಕೇಳಿದ್ದರು. ಯಾವ ಸಾಲ ಎಷ್ಟು ಬಾಕಿ, ಬಡ್ಡಿ ಎಷ್ಟು, ಮುಂದಿನ 12 ತಿಂಗಳಲ್ಲಿ ಎಷ್ಟು ಅಸಲು ತೀರಬೇಕು ಎನ್ನುವ ಪಟ್ಟಿ. ಮಾಲೀಕರು ಪ್ಲಾಸ್ಟಿಕ್ ಫೈಲಿನಲ್ಲಿದ್ದ ಮೂರು ಮಂಜೂರಾತಿ ಪತ್ರಗಳನ್ನು ನನ್ನ ಟೇಬಲ್ ಮೇಲಿಟ್ಟು, "ಮಷಿನ್ ಸಾಲ 24 ಲಕ್ಷ, ಕಂತ 40 ಸಾವಿರ. ಎಲ್ಲಾ ಇದರಾಗ ಬರದಾರಲ್ರಿ ಸಾಹೇಬ್ರ, ಇಳಿಸಿಕೊಂಡ್ರ ಆತು" ಎಂದರು.

ಇಳಿಸಿಕೊಂಡರೆ ಆಗುವುದಿಲ್ಲ. ಮಂಜೂರಾತಿ ಪತ್ರದಲ್ಲಿ ಇರುವುದು ಸಾಲದ ನಿಯಮ. ಎಷ್ಟರವರೆಗೆ ಕೊಡುತ್ತೇವೆ, ಯಾವ ದರಕ್ಕೆ ಎಷ್ಟು ಕೂಡಿಸಿ ಬಡ್ಡಿ ಹಾಕುತ್ತೇವೆ, ಯಾವ ದಿನದಿಂದ ಎಣಿಸಿ ಕಂತು ಶುರುವಾಗುತ್ತದೆ ಎಂಬುದಷ್ಟೇ ಅದರಲ್ಲಿರುತ್ತದೆ. ನಿಜವಾದ ಮೊತ್ತ, ನಿಜವಾದ ದರ, ನಿಜವಾದ ತಾರೀಖು ಸಿಗಬೇಕಾದರೆ ಆ ನಿಯಮವನ್ನು ಸಾಲದ ಖಾತೆಯ ಸ್ಟೇಟ್‌ಮೆಂಟ್ ಮೇಲೆ ಕೂರಿಸಬೇಕು. ಹಾಗಾಗಿ ಪಟ್ಟಿಗೆ ಕೂರುವ ಮೊದಲು ಪ್ರತಿ ಸಾಲಕ್ಕೂ ಎರಡು ಕಾಗದ ತರಿಸಿಕೊಳ್ಳಿ: ಪತ್ರ ಒಂದು, ಮೊದಲ ದಿನದಿಂದ ಇವತ್ತಿನವರೆಗಿನ ಸ್ಟೇಟ್‌ಮೆಂಟ್ ಇನ್ನೊಂದು. ನಡುವೆ ಷರತ್ತು ಬದಲಿಸಿದ ಒಂದು ಪುಟದ ಪತ್ರವೇನಾದರೂ ಬಂದಿದೆಯೇ ಎಂದೂ ಕೇಳಿ. ಅದು ಸಾಮಾನ್ಯವಾಗಿ ಫೈಲಿನಲ್ಲಿ ಇರುವುದಿಲ್ಲ, ಮಾಲೀಕರ ಮೊಬೈಲಿನ ವಾಟ್ಸಾಪ್‌ನಲ್ಲಿ ಇರುತ್ತದೆ.

ಮೊದಲು ಮೊತ್ತ

ಈ ಶೆಡ್ಡಿನ ಮಷಿನ್ ಸಾಲದ ಪತ್ರ 18 ನವೆಂಬರ್ 2024ರದ್ದು. ವಿಎಂಸಿ ಯಂತ್ರದ ಕೊಟೇಶನ್ 32 ಲಕ್ಷ. ಮಾಲೀಕರ ಪಾಲು 25%, ಬ್ಯಾಂಕಿನ ಸಾಲ 24 ಲಕ್ಷ. ಒಂದೇ ಪುಟದಲ್ಲಿ 32, 8, 24 ಎಂಬ ಮೂರು ಸಂಖ್ಯೆಗಳಿರುತ್ತವೆ. ಅವಸರದಲ್ಲಿ ಬರೆದವರು 32 ಲಕ್ಷವನ್ನೇ ಸಾಲ ಎಂದು ಎತ್ತಿಕೊಂಡದ್ದನ್ನು ನೋಡಿದ್ದೇನೆ. ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲಿ ಬರೆದ ಮೊತ್ತವನ್ನೂ ಓದಿ. ಸ್ಕ್ಯಾನ್ ಕಾಪಿಯಲ್ಲಿ 3 ಮತ್ತು 8 ಒಂದೇ ತರ ಕಾಣುತ್ತವೆ, ಅಕ್ಷರ ಮೋಸ ಮಾಡುವುದಿಲ್ಲ. ಒಂದು ಪತ್ರದಲ್ಲಿ ಮೊತ್ತ ಲಕ್ಷದಲ್ಲಿ, ಇನ್ನೊಂದರಲ್ಲಿ ಪೂರ್ತಿ ರೂಪಾಯಿಯಲ್ಲಿ ಇದ್ದರೆ ಪಟ್ಟಿಯಲ್ಲಿ ಎಲ್ಲವನ್ನೂ ರೂಪಾಯಿಗೇ ತನ್ನಿ.

ಈಗ ಸ್ಟೇಟ್‌ಮೆಂಟ್ ತೆರೆದರೆ, ಯಂತ್ರ ಮಾರಿದವರ ಖಾತೆಗೆ 3 ಜನವರಿ 2025ರಂದು 18 ಲಕ್ಷ ಹೋಗಿದೆ, 20 ಫೆಬ್ರವರಿಗೆ 4.5 ಲಕ್ಷ. ಒಟ್ಟು 22.5 ಲಕ್ಷ. ಉಳಿದ ಒಂದೂವರೆ ಲಕ್ಷ ಎಲ್ಲಿ? ಮಾಲೀಕರಿಗೆ ನೆನಪಿರಲಿಲ್ಲ. ಖರೀದಿ ಇನ್‌ವಾಯ್ಸ್ ತೆಗೆದಾಗ ಗೊತ್ತಾಯಿತು, ಚೌಕಾಸಿ ಮಾಡಿ ಯಂತ್ರವನ್ನು 30 ಲಕ್ಷಕ್ಕೆ ಕೊಂಡಿದ್ದರು. ಅದರ 75% ಅಂದರೆ 22.5 ಲಕ್ಷ. ಬ್ಯಾಂಕು ಅಷ್ಟೇ ಕೊಟ್ಟಿತು, ಮಿಕ್ಕಿದ್ದು ರದ್ದಾಯಿತು. ಈ ವ್ಯತ್ಯಾಸಕ್ಕೆ ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ, ಯಾಕೆಂದರೆ ಇನ್ನೂ ಬರಬೇಕಾದ ಹಣವಿದ್ದರೆ ಪಟ್ಟಿಯೇ ಬೇರೆ ಆಗುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಮಂಜೂರಾದದ್ದು, ಬಿಡುಗಡೆಯಾದದ್ದು, ಬಾಕಿ ಇರುವುದು ಎಂದು ಮೂರು ಬೇರೆ ಕಾಲಂಗಳಿರುತ್ತವೆ. ಬಾಕಿಯ ಲೆಕ್ಕ ಶುರುವಾಗುವುದು ಎರಡನೆಯದರಿಂದ.

ಕಂತಿನ ಮೊತ್ತಕ್ಕೂ ಇದೇ ಪೆಟ್ಟು ಬೀಳುತ್ತದೆ. ಪತ್ರದಲ್ಲಿರುವುದು ತಲಾ 40,000 ರೂಪಾಯಿಯ 60 ಮಾಸಿಕ ಕಂತು. ಬಿಡುಗಡೆಯಾದದ್ದು 22.5 ಲಕ್ಷ ಆದ್ದರಿಂದ ಬ್ಯಾಂಕಿನ ಮುಂದೆ ಎರಡು ದಾರಿ ಇದ್ದವು. 40,000ವನ್ನೇ ಇಟ್ಟುಕೊಂಡರೆ 56 ಕಂತು ಪೂರ್ತಿಯಾಗಿ, 57ನೆಯದು 10,000ಕ್ಕೆ ಮುಗಿಯುತ್ತದೆ. 60 ಕಂತನ್ನೇ ಇಟ್ಟುಕೊಂಡರೆ ತಲಾ 37,500 ಆಗುತ್ತದೆ. ಪತ್ರ ಓದಿ ಇದನ್ನು ಹೇಳಲಾಗದು. ಸ್ಟೇಟ್‌ಮೆಂಟಿನಲ್ಲಿ ತಿಂಗಳ ಕೊನೆಗೆ 37,500 ಕಾಣಿಸಿತು, ಹಾಗಾಗಿ ಎರಡನೆಯ ದಾರಿ ಎಂದು ಗೊತ್ತಾಯಿತು.

1 ಅಕ್ಟೋಬರ್ 2024ರಿಂದ ಮಂಜೂರಾದ ಎಂಎಸ್‌ಎಂಇ ಟರ್ಮ್ ಲೋನ್‌ಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಕಾಗದವನ್ನೂ ಕೊಡಬೇಕೆಂದು ಆರ್‌ಬಿಐ ನಿಯಮವಿದೆ, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಅದರ ಜೊತೆ ಕಂತುಗಳ ವೇಳಾಪಟ್ಟಿ ಇರುತ್ತದೆ. ಸಿಕ್ಕರೆ ಬಹಳ ಅನುಕೂಲ, ಆದರೆ ಕಣ್ಣು ಮುಚ್ಚಿ ನಕಲು ಮಾಡಬೇಡಿ. ನಮ್ಮ ಫೈಲಿನಲ್ಲಿದ್ದದ್ದು 24 ಲಕ್ಷವೂ ಒಂದೇ ದಿನ ಬಿಡುಗಡೆಯಾಗುತ್ತದೆ ಎಂದುಕೊಂಡು ಹಾಕಿದ ವೇಳಾಪಟ್ಟಿ.

ತಾರೀಖು, ಮತ್ತು ನಾನು ಎಡವಿದ್ದು

ಪತ್ರದ ಮರುಪಾವತಿ ಷರತ್ತು ಹೀಗಿತ್ತು: ಮೊದಲ ಬಿಡುಗಡೆಯ ದಿನದಿಂದ 6 ತಿಂಗಳು ವಿರಾಮ, ಅದರ ನಂತರ 60 ಮಾಸಿಕ ಕಂತು, ಕಂತು ತಿಂಗಳ ಕೊನೆಯ ದಿನ, ಬಡ್ಡಿಯನ್ನು ಹಾಕಿದಾಗೆಲ್ಲ ಪ್ರತ್ಯೇಕವಾಗಿ ಕಟ್ಟಬೇಕು. ಇಲ್ಲಿ ಮೂರು ಮಾತು ಬಿಡಿಸಿಕೊಳ್ಳಬೇಕು. ಎಣಿಕೆ ಯಾವ ದಿನದಿಂದ? ಪತ್ರದ ದಿನದಿಂದ ಅಲ್ಲ, ಮೊದಲ ಬಿಡುಗಡೆಯಿಂದ, ಎರಡನೆಯದರಿಂದಲೂ ಅಲ್ಲ. ವಿರಾಮ ಒಟ್ಟು ಅವಧಿಯೊಳಗೆ ಸೇರಿದೆಯೋ ಹೊರಗಿದೆಯೋ? ಕೆಲವು ಪತ್ರಗಳಲ್ಲಿ "ವಿರಾಮ ಸೇರಿ 66 ತಿಂಗಳು" ಎಂದಿರುತ್ತದೆ. ಆಗಲೂ ಕಂತು 60ರದ್ದೇ, 66 ಅಲ್ಲ. ವಿರಾಮದಲ್ಲಿ ಬಡ್ಡಿ ಏನಾಗುತ್ತದೆ? ಈ ಪತ್ರದಂತೆ ಬಡ್ಡಿಯನ್ನು ಆ 6 ತಿಂಗಳೂ ಕಟ್ಟಬೇಕು, ಅಸಲಿಗೆ ಮಾತ್ರ ವಿರಾಮ. ಬೇರೆ ಪತ್ರಗಳಲ್ಲಿ ಬಡ್ಡಿ ಅಸಲಿಗೆ ಸೇರಿಹೋಗುತ್ತದೆ, ಆಗ ಕಂತು ಶುರುವಾಗುವ ದಿನದ ಬಾಕಿ ಬಿಡುಗಡೆಯಾದ ಮೊತ್ತಕ್ಕಿಂತ ಹೆಚ್ಚಿರುತ್ತದೆ.

ಇಷ್ಟು ತಿಳಿದ ಮೇಲೆ ತಾರೀಖನ್ನು ಕೈಯಿಂದ ಎಣಿಸಬೇಡಿ. ಎಕ್ಸೆಲ್‌ನಲ್ಲಿ `B2`ಕ್ಕೆ ಮೊದಲ ಬಿಡುಗಡೆಯ ದಿನ, `B3`ಕ್ಕೆ ವಿರಾಮದ ತಿಂಗಳು, `B4`ಕ್ಕೆ ಕಂತುಗಳ ಸಂಖ್ಯೆ ಹಾಕಿ. ಮೊದಲ ಮತ್ತು ಕೊನೆಯ ಕಂತಿನ ದಿನ ಹೀಗೆ ಸಿಗುತ್ತವೆ:

```
=EOMONTH(B2,B3)
=EOMONTH(B2,B3+B4-1)
```

3 ಜನವರಿ 2025, 6, 60 ಹಾಕಿದರೆ ಮೊದಲನೆಯದು 31 ಜುಲೈ 2025, ಕೊನೆಯದು 30 ಜೂನ್ 2030.

ನನಗೆ ಮೊದಲ ಸಲ ಬಂದದ್ದು 30 ಸೆಪ್ಟೆಂಬರ್ 2025. ಸಾಲ ಬಿಡುಗಡೆಯಾದ ಹೊಸದರಲ್ಲೇ ಈ ಲೆಕ್ಕ ಒಮ್ಮೆ ಮಾಡಿಕೊಟ್ಟಿದ್ದೆ, ಮಾಲೀಕರು ಅದನ್ನೇ ನಂಬಿ ಜುಲೈ ಕೊನೆಗೆ ಬಂದ ಬಿಲ್ಲಿನ ಹಣವನ್ನು ಕಾಸ್ಟಿಂಗ್ ಬಾಕಿಗೆ ಕೊಟ್ಟುಬಿಟ್ಟರು. 31ಕ್ಕೆ ಬ್ಯಾಂಕು ಕಂತು ಎಳೆಯಲು ಹೋದಾಗ ಖಾತೆ ಖಾಲಿ. ಮರುದಿನ ಬೆಳಿಗ್ಗೆ ಫೋನು: "ಕಂತ ಸಪ್ಟೆಂಬರದಾಗ ಅಂದಿದ್ರಿ, ಇವರು ಈಗ್ಲೇ ಕೇಳಾಕತ್ತಾರಲ್ರಿ?"

ತಪ್ಪು ನನ್ನ ಕಂಪ್ಯೂಟರಿನಲ್ಲಿತ್ತು, ಅಂದರೆ ನನ್ನದೇ. ಅದರಲ್ಲಿ ತಾರೀಖಿನ ಕ್ರಮ ಅಮೆರಿಕದ್ದಿತ್ತು, ತಿಂಗಳು ಮೊದಲು, ದಿನ ಆಮೇಲೆ. ಸ್ಟೇಟ್‌ಮೆಂಟಿನಿಂದ ನಕಲು ಮಾಡಿ ಅಂಟಿಸಿದ 03/01/2025 ಎಂಬುದನ್ನು ಅದು ಮಾರ್ಚ್ 1 ಎಂದು ಓದಿತು. ಮಾರ್ಚಿನಿಂದ 6 ತಿಂಗಳೆಂದರೆ ಸೆಪ್ಟೆಂಬರ್. ಕೆಟ್ಟದ್ದೇನೆಂದರೆ ಪರದೆಯ ಮೇಲೆ ಅದು 03/01/2025 ಎಂದೇ ಕಾಣುತ್ತಿತ್ತು, ಯಾವ ಎಚ್ಚರಿಕೆಯೂ ಬರಲಿಲ್ಲ.

ಆದರೆ ಗುರುತು ಅಲ್ಲೇ ಇತ್ತು, ನಾನು ನೋಡಲಿಲ್ಲ. ಕೆಳಗಿನ ಸಾಲಿನ 20/02/2025ರಲ್ಲಿ 20ನೆಯ ತಿಂಗಳು ಇಲ್ಲವಲ್ಲ, ಅದನ್ನು ತಾರೀಖೆಂದು ಒಪ್ಪದೆ ಎಕ್ಸೆಲ್ ಬರೀ ಅಕ್ಷರವಾಗಿ ಇಟ್ಟುಕೊಂಡಿತ್ತು. ತಾರೀಖು ಕೋಶದ ಬಲಕ್ಕೆ ಅಂಟಿ ಕೂರುತ್ತದೆ, ಅಕ್ಷರ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಇದ್ದರೆ, ಬಲಕ್ಕಿರುವವು ಬಹುಶಃ ಅಡ್ಡಾದಿಡ್ಡಿ ಆಗಿವೆ ಎಂದು ತಿಳಿಯಿರಿ. ಈಗ ನಾನು ತಾರೀಖಿನ ಕಾಲಂಗೆ `dd-mmm-yyyy` ನಮೂನೆ ಕೊಡುತ್ತೇನೆ. ತಿಂಗಳ ಹೆಸರು ಅಕ್ಷರದಲ್ಲಿ ಕಂಡಾಗ ಜನವರಿ ಮಾರ್ಚ್ ಆಗಿದ್ದು ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ. ಮೂರ್ನಾಲ್ಕು ಸಾಲಗಳಷ್ಟೇ ಇದ್ದರೆ ನಕಲು ಮಾಡುವುದಕ್ಕಿಂತ ಕೈಯಿಂದ ಟೈಪ್ ಮಾಡುವುದೇ ಲೇಸು.

ಬಡ್ಡಿ ದರ

ಪತ್ರದಲ್ಲಿ ದಪ್ಪಕ್ಷರದಲ್ಲಿ 9.75% ಎಂದಿತ್ತು. ಅದರ ಕೆಳಗಿನ ಸಣ್ಣ ಸಾಲಿನಲ್ಲಿತ್ತು ನಿಜವಾದ ವಿಷಯ: ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರ 6.50, ಅದಕ್ಕೆ 3.25 ಕೂಡಿಸಿ, ಪ್ರತಿ ತ್ರೈಮಾಸಿಕದ ಮೊದಲ ದಿನ ಪರಿಷ್ಕರಣೆ. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಸಾಲಗಳನ್ನು 1 ಅಕ್ಟೋಬರ್ 2019ರಿಂದ ರೆಪೋದಂಥ ಹೊರಗಿನ ದರಕ್ಕೇ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಬೇಕು. ಆದ್ದರಿಂದ ಪಟ್ಟಿಗೆ ಇಳಿಸಬೇಕಾದ್ದು 9.75 ಅಲ್ಲ. 3.25 ಎಂಬುದನ್ನೂ ಪರಿಷ್ಕರಣೆಯ ದಿನವನ್ನೂ ಇಳಿಸಿಕೊಳ್ಳಿ. ರೆಪೋ ದರಕ್ಕೆ ಬೇರೆಯೇ ಒಂದು ಸಣ್ಣ ಪಟ್ಟಿ ಮಾಡಿ.

2025ರಲ್ಲಿ ಆರ್‌ಬಿಐ ರೆಪೋವನ್ನು ನಾಲ್ಕು ಸಲ ಇಳಿಸಿತು: ಫೆಬ್ರವರಿಯಲ್ಲಿ 6.25, ಏಪ್ರಿಲ್ 9ಕ್ಕೆ 6.00, ಜೂನ್ 6ಕ್ಕೆ 5.50, ಡಿಸೆಂಬರಿನಲ್ಲಿ 5.25. ಇಳಿದ ದಿನವೇ ನಮ್ಮ ಬಡ್ಡಿ ಇಳಿಯುವುದಿಲ್ಲ, ಮುಂದಿನ ಪರಿಷ್ಕರಣೆಯ ದಿನ ಇಳಿಯುತ್ತದೆ. ಹಾಗಾಗಿ ಈ ಸಾಲಕ್ಕೆ 1 ಏಪ್ರಿಲ್ 2025ರಿಂದ 9.50%, 1 ಜುಲೈಯಿಂದ 8.75%, 1 ಜನವರಿ 2026ರಿಂದ 8.50%. ಏಪ್ರಿಲ್ 9ರ ಇಳಿಕೆ ಬೇರೆಯಾಗಿ ಕಾಣಿಸುವುದೇ ಇಲ್ಲ, ಅದು ಜುಲೈ ಪರಿಷ್ಕರಣೆಯಲ್ಲಿ ಜೂನಿನದರ ಜೊತೆ ಸೇರಿ ಬರುತ್ತದೆ.

ಬ್ಯಾಂಕು ನಿಜವಾಗಿ ಇಳಿಸಿದೆಯೇ ಎಂದು ಸ್ಟೇಟ್‌ಮೆಂಟಿನಿಂದಲೇ ಪರೀಕ್ಷಿಸಬಹುದು. ಜುಲೈ 2025ರಲ್ಲಿ ತಿಂಗಳ ಕೊನೆಯವರೆಗೂ ಬಾಕಿ 22.5 ಲಕ್ಷವೇ. 8.75%ರಂತೆ 31 ದಿನದ ಬಡ್ಡಿ 22,50,000 × 8.75% × 31 ÷ 365, ಅಂದರೆ 16,721 ರೂಪಾಯಿ. ಹಳೆಯ 9.50%ರಲ್ಲೇ ಹಾಕಿದ್ದರೆ 18,154 ಆಗುತ್ತಿತ್ತು. ಸ್ಟೇಟ್‌ಮೆಂಟಿನ ಬಡ್ಡಿ ಹತ್ತಿಪ್ಪತ್ತು ರೂಪಾಯಿ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕಂತು ಜಮೆಯಾದ ದಿನವನ್ನು ಎಣಿಸುವುದರಲ್ಲಿ ಅಷ್ಟು ವ್ಯತ್ಯಾಸ ಬರುತ್ತದೆ. ಸಾವಿರದ ಮಟ್ಟದಲ್ಲಿ ಬಂದರೆ ಪರಿಷ್ಕರಣೆ ಆಗಿಲ್ಲ, ಅಥವಾ ನೀವು ಪರಿಷ್ಕರಣೆಯ ದಿನವನ್ನು ತಪ್ಪಾಗಿ ಓದಿದ್ದೀರಿ. ಯಾವ ತಿಂಗಳಿಗಾದರೂ ಬ್ಯಾಂಕು ಹಾಕಿದ ದರ ಎಷ್ಟೆಂದು ಹಿಮ್ಮುಖವಾಗಿ ಹೀಗೆ ತೆಗೆಯಬಹುದು. `D5` ಬಡ್ಡಿ, `C5` ಬಾಕಿ, `E5` ದಿನಗಳು:

```
=D5*365/(C5*E5)
```

ಪತ್ರದ ಕೊನೆಯಲ್ಲಿ, ಕಂತು ತಪ್ಪಿದರೆ 2% ಎಂದು ಬರೆದಿರುತ್ತದಲ್ಲ, ಅದನ್ನು ಮೇಲಿನ ದರಕ್ಕೆ ಕೂಡಿಸಬೇಡಿ. ಆರ್‌ಬಿಐ ಈಗಿನ ನಿಯಮದಂತೆ ಅದು ದಂಡ ಶುಲ್ಕ, ಬಡ್ಡಿ ದರದ ಭಾಗವಲ್ಲ, ಅದರ ಮೇಲೆ ಬಡ್ಡಿಯೂ ಬೆಳೆಯುವಂತಿಲ್ಲ. ನಮ್ಮ ಜುಲೈ ಎಡವಟ್ಟಿನ ಶುಲ್ಕವನ್ನು ನಾನು ಬೇರೆ ಸಾಲಿನಲ್ಲೇ ತೋರಿಸಿದ್ದೇನೆ.

ಕಡಿಮೆ ಬಡ್ಡಿಯ ದುಬಾರಿ ಸಾಲ

ಎರಡನೆಯ ಪತ್ರ ಒಂದು ಫೈನಾನ್ಸ್ ಕಂಪನಿಯದು. ಹಳೆಯ ಸಿಎನ್‌ಸಿ ಲೇತ್‌ಗೆ 10 ಲಕ್ಷ, 5 ಆಗಸ್ಟ್ 2024ರಂದು ಬಿಡುಗಡೆ, 5 ಸೆಪ್ಟೆಂಬರಿನಿಂದ 36 ಸಮಾನ ಕಂತು, ತಲಾ 35,278. ದರ 9%. "ಬ್ಯಾಂಕಿಗಿಂತ ಇದೇ ಅಗ್ಗ ಐತ್ರಿ" ಎಂದು ಮಾಲೀಕರು ಖುಷಿಯಲ್ಲಿದ್ದರು.

ಪತ್ರದಲ್ಲಿ ಆ 9ರ ಪಕ್ಕ ಫ್ಲಾಟ್ ಎಂಬ ಪದವಿತ್ತು. ಅಂದರೆ ಮೂರೂ ವರ್ಷ ಪೂರ್ತಿ 10 ಲಕ್ಷದ ಮೇಲೆಯೇ ಬಡ್ಡಿ: ವರ್ಷಕ್ಕೆ 90,000ದಂತೆ 2.7 ಲಕ್ಷ. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಕರಗುವುದಿಲ್ಲ. ಪದ ಬರೆದಿಲ್ಲದಿದ್ದರೂ ಪತ್ತೆ ಮಾಡುವುದು ಸುಲಭ. ಕಂತನ್ನು ಕಂತಿನ ಸಂಖ್ಯೆಯಿಂದ ಗುಣಿಸಿ, ಅದರಲ್ಲಿ ಅಸಲು ಕಳೆಯಿರಿ. ಉಳಿದದ್ದು ಅಸಲು × ದರ × ವರ್ಷಕ್ಕೆ ಸರಿಯಾಗಿ ಹೊಂದಿದರೆ ಅದು ಫ್ಲಾಟ್. ಬ್ಯಾಂಕಿನ ಸಾಲದ ಪಕ್ಕದಲ್ಲಿ ಇಡಬೇಕಾದರೆ ಇಳಿಯುವ ಬಾಕಿಯ ಮೇಲಿನ ದರಕ್ಕೆ ತರಬೇಕು:

```
=RATE(36,-35278,1000000)*12
```

ಉತ್ತರ ಸುಮಾರು 16.24%. ಮಾಲೀಕರು ಒಂದು ನಿಮಿಷ ಮಾತಾಡಲಿಲ್ಲ.

ಬಾಕಿಯ ಲೆಕ್ಕದಲ್ಲೂ ಇದು ಕಾಡುತ್ತದೆ. 31 ಮಾರ್ಚ್ 2026ಕ್ಕೆ 19 ಕಂತು ಮುಗಿದು 17 ಉಳಿದಿವೆ. ಶೆಡ್ಡಿನ ಹುಡುಗ 17ನ್ನು 35,278ರಿಂದ ಗುಣಿಸಿ 5,99,726 ಬಾಕಿ ಎಂದು ಬರೆದಿದ್ದ. ಅದರಲ್ಲಿ ಇನ್ನೂ ಹುಟ್ಟದ ಬಡ್ಡಿಯೂ ಸೇರಿದೆ. 10 ಲಕ್ಷವನ್ನು 36ರಿಂದ ಭಾಗಿಸಿ 17 ಪಾಲು ತೆಗೆದರೆ 4.72 ಲಕ್ಷ ಬರುತ್ತದೆ, ಅದೂ ತಪ್ಪು, ಏಕೆಂದರೆ ಮೊದಮೊದಲ ಕಂತುಗಳಲ್ಲಿ ಬಡ್ಡಿಯೇ ಹೆಚ್ಚು, ಅಸಲು ಕಡಿಮೆ. 16.24%ರಂತೆ ತಿಂಗಳು ತಿಂಗಳು ಬಿಡಿಸಿದರೆ ನಿಜವಾದ ಅಸಲು ಬಾಕಿ 5 ಲಕ್ಷ 32 ಸಾವಿರದ ಆಸುಪಾಸು. ಕಂಪನಿಯಿಂದ ಅಸಲು-ಬಡ್ಡಿ ಬಿಡಿಸಿದ ಪಟ್ಟಿ ತರಿಸಿ ಇದಕ್ಕೆ ತಾಳೆ ನೋಡಿ.

ಸಿಸಿ ಬೇರೆ ಜಾತಿ

ಮೂರನೆಯ ಪತ್ರ 30 ಲಕ್ಷದ ಸಿಸಿ. ಇದಕ್ಕೆ ಕಂತಿಲ್ಲ, ಹಾಗಾಗಿ ಕಂತಿನ ಪಟ್ಟಿಯಲ್ಲಿ ಇದನ್ನು ಸೇರಿಸಬೇಡಿ. ಲಿಮಿಟ್, ಆ ದಿನ ನಿಜವಾಗಿ ಬಳಸಿದ ಮೊತ್ತ, ರಿನೀವಲ್ ದಿನ ಮೂರೂ ಇದ್ದರೆ ಸಾಕು. ಪತ್ರದಲ್ಲಿ ಸಿಸಿ 30 ಲಕ್ಷದ ಕೆಳಗೆ ಬಿಲ್ ಡಿಸ್ಕೌಂಟಿಂಗ್ 10 ಲಕ್ಷ ಎಂದಿತ್ತು. ಅದು 30ರ ಒಳಗಿನ ಉಪಲಿಮಿಟ್ ಎಂದು ಪಕ್ಕದಲ್ಲೇ ಬರೆದಿದ್ದರೂ ಹಳೆಯ ಪಟ್ಟಿಯಲ್ಲಿ ಎರಡನ್ನೂ ಕೂಡಿಸಿ 40 ಲಕ್ಷ ಮಾಡಿದ್ದರು.

ಪಟ್ಟಿ

ಎಲ್ಲ ಸೇರಿ 31 ಮಾರ್ಚ್ 2026ಕ್ಕೆ ಕಂತಿನ ಸಾಲಗಳ ಚಿತ್ರ ಹೀಗಾಯಿತು. ಮಷಿನ್ ಸಾಲದಲ್ಲಿ ಜುಲೈಯಿಂದ ಮಾರ್ಚ್‌ವರೆಗೆ 9 ಕಂತು, ಅಂದರೆ 3,37,500 ತೀರಿದೆ.

| | ವಿಎಂಸಿ, ಬ್ಯಾಂಕ್ | ಲೇತ್, ಫೈನಾನ್ಸ್ ಕಂಪನಿ |
|---|---|---|
| ಮಂಜೂರು | 24,00,000 | 10,00,000 |
| ಬಿಡುಗಡೆ | 22,50,000 | 10,00,000 |
| ಈಗಿನ ದರ | ರೆಪೋ + 3.25 = 8.50% | 9% ಫ್ಲಾಟ್, ನಿಜದಲ್ಲಿ 16.24% |
| ಮೊದಲ ಕಂತು | 31 ಜುಲೈ 2025 | 5 ಸೆಪ್ಟೆಂಬರ್ 2024 |
| ಕೊನೆಯ ಕಂತು | 30 ಜೂನ್ 2030 | 5 ಆಗಸ್ಟ್ 2027 |
| ಅಸಲು ಬಾಕಿ | 19,12,500 | ಸುಮಾರು 5.32 ಲಕ್ಷ |
| ಮುಂದಿನ 12 ತಿಂಗಳಲ್ಲಿ ತೀರುವ ಅಸಲು | 4,50,000 | ಸುಮಾರು 3.63 ಲಕ್ಷ |

ಕೊನೆಯ ಸಾಲನ್ನೇ ಬ್ಯಾಂಕಿನವರು ಮೊದಲು ನೋಡುವುದು. ಸುಮಾರು 8.13 ಲಕ್ಷ ಈ ವರ್ಷದ ಚಾಲ್ತಿ ಹೊಣೆಗೆ ಹೋಗುತ್ತದೆ, ಮಿಕ್ಕಿದ್ದು ದೀರ್ಘಾವಧಿಗೆ. ಇಲ್ಲಿ ಅಸಲು ಮಾತ್ರ ಬರಬೇಕು, ಮುಂದಿನ ಬಡ್ಡಿಯನ್ನು ಸೇರಿಸಿದರೆ ಹೊಣೆ ಉಬ್ಬಿ ಕಾಣುತ್ತದೆ.

ಪ್ರತಿ ಅಂಕಿಯ ಪಕ್ಕದಲ್ಲೂ ಅದು ಯಾವ ಕಾಗದದ ಎಷ್ಟನೆಯ ಪುಟದಿಂದ ಬಂತು ಎಂದು ಒಂದು ಕಾಲಂ ಇಟ್ಟಿದ್ದೇನೆ. "ಪತ್ರ, ಪುಟ 2" ಅಥವಾ "ಸ್ಟೇಟ್‌ಮೆಂಟ್, 3 ಜನವರಿ". ಬ್ಯಾಂಕಿನ ಅಧಿಕಾರಿ 24 ಲಕ್ಷದ ಬದಲು 22.5 ಯಾಕೆ ಎಂದು ಕೇಳಿದಾಗ ಫೈಲು ಜಾಲಾಡುವ ಕೆಲಸ ಬರಲಿಲ್ಲ.

ಮಾಲೀಕರಿಗೆ ಮಾತ್ರ ಈ ಪಟ್ಟಿ ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ತಿಂಗಳಿಗೆ ಎಷ್ಟು ಹಣ ಯಾವ ದಿನ ಖಾತೆಯಲ್ಲಿರಬೇಕು ಎಂಬುದು. ಅದನ್ನು ಬೇರೆ ಹಾಳೆಯಲ್ಲಿ ತೆಗೆದುಕೊಟ್ಟೆ. ಮಾರ್ಚ್ 2026ಕ್ಕೆ ನೋಡಿದರೆ 5ನೇ ತಾರೀಖಿಗೆ 35,278, 31ಕ್ಕೆ ಕಂತು 37,500 ಮತ್ತು ಆ ತಿಂಗಳ 19.5 ಲಕ್ಷ ಬಾಕಿಯ ಮೇಲಿನ ಬಡ್ಡಿ 14,077, ಒಟ್ಟು 86,855. ಸಿಸಿ ಬಡ್ಡಿ ಇದರ ಮೇಲೆ. ಅವರು ಹಾಳೆಯನ್ನು ಮಡಚದೆ ತಗೊಂಡು ಹೋಗಿ ಶೆಡ್ಡಿನ ಕ್ಯಾಲೆಂಡರಿನ ಕೆಳಗೆ ಅಂಟಿಸಿದ್ದಾರೆ. ತಿಂಗಳ ಹೆಸರುಗಳನ್ನು ಅಕ್ಷರದಲ್ಲೇ ಬರೆದಿದ್ದೇನೆ.